ಚೀಲ ತೆಗೆದರು, ಅಂಡಾಶಯ ಉಳಿಸಿದರೇ?

ನಮ್ಮ ಮನೆಗಳಲ್ಲಿ ಈ ವಿಷಯ ಅಡುಗೆಮನೆಯ ಬಾಗಿಲು ದಾಟಿ ಹೊರಗೆ ಬರುವುದು ಕಡಿಮೆ. 'ಅವರಿಗೆ ಗರ್ಭಚೀಲ ತೆಗೆಸಿದ್ದಾರಂತೆ' ಎಂದು ಹೆಂಗಸರು ತಮ್ಮಲ್ಲೇ ಮೆಲ್ಲಗೆ ಹೇಳಿಕೊಳ್ಳುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಮುಂಬೈ-ಠಾಣೆಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಇದನ್ನು ಬರೆಯಲು ಒಂದು ಕಾರಣವಿದೆ. ಅಮ್ಮನ ಜೊತೆ ಆಸ್ಪತ್ರೆಗೆ ಓಡಾಡುವವರು ನೀವು. ಡಿಸ್ಚಾರ್ಜ್ ಕಾರ್ಡಿನ ಇಂಗ್ಲಿಷನ್ನು ಓದಿ ಮನೆಯವರಿಗೆ ಕನ್ನಡದಲ್ಲಿ ಹೇಳುವವರೂ ನೀವೇ. ಹುಡುಗರು ಪುಟ ತಿರುಗಿಸಬೇಡಿ. ಔಷಧಿ ಅಂಗಡಿಗೆ ಹೋಗಿಬರುವವರು ಹೆಚ್ಚಾಗಿ ನೀವೇ ತಾನೆ?

'ಚೀಲ ತೆಗೆಸಿದ್ದು' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆಬೇರೆ ಶಸ್ತ್ರಚಿಕಿತ್ಸೆಗಳು ಅಡಗಿವೆ. ಒಂದರಲ್ಲಿ ಗರ್ಭಕೋಶ ಮಾತ್ರ ಹೋಗುತ್ತದೆ. ಇನ್ನೊಂದರಲ್ಲಿ ಅದರ ಎರಡೂ ಬದಿಯಲ್ಲಿರುವ ಅಂಡಾಶಯಗಳೂ ಹೋಗುತ್ತವೆ. ಹೊಟ್ಟೆಯ ಮೇಲಿನ ಗಾಯ ಒಂದೇ, ಮನೆಯಲ್ಲಿ ಹೇಳುವ ಮಾತೂ ಒಂದೇ. ಆದರೆ ಮುಂದಿನ ವರ್ಷಗಳಲ್ಲಿ ದೇಹ ನಡೆದುಕೊಳ್ಳುವ ರೀತಿ ಒಂದೇ ಅಲ್ಲ. ನಮ್ಮ ಮನೆಯಲ್ಲೇ ಈ ಎರಡೂ ಆದದ್ದರಿಂದ ನಾನು ಇದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲನೆಯದು ನನಗೆ, 44ನೆಯ ವಯಸ್ಸಿನಲ್ಲಿ. ಎರಡನೆಯದು ನನ್ನ ಓರಗಿತ್ತಿಗೆ, 40ರಲ್ಲಿ.

ಮೊದಲು ಯಾರ ಕೆಲಸ ಏನು ಎಂಬುದನ್ನು ನೋಡೋಣ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಹಾರ್ಮೋನುಗಳ ಮೂಲಕ ಅಂಡಾಶಯಕ್ಕೆ ಕೆಲಸ ಹೇಳುತ್ತದೆ. ಅಂಡಾಶಯ ಒಂದು ಅಂಡಾಣುವನ್ನು ಬೆಳೆಸುತ್ತ ಈಸ್ಟ್ರೋಜನ್ ತಯಾರಿಸುತ್ತದೆ, ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರಾನನ್ನೂ ತಯಾರಿಸುತ್ತದೆ. ಗರ್ಭಕೋಶ ಈ ವಿಷಯದಲ್ಲಿ ಹೇಳಿದ್ದನ್ನು ಕೇಳುವ ಅಂಗ. ಹಾರ್ಮೋನು ಬಂದರೆ ಅದರ ಒಳಪದರ ದಪ್ಪವಾಗುತ್ತದೆ, ಇಳಿದರೆ ಪದರ ಕಳಚಿ ಮುಟ್ಟಾಗಿ ಹೊರಬರುತ್ತದೆ. ಎಂದರೆ ತಿಂಗಳ ಲೆಕ್ಕ ಇಡುವುದು ಅಂಡಾಶಯ. ಗರ್ಭಕೋಶದಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಅಷ್ಟೇ.

ನನ್ನದು ಫೈಬ್ರಾಯ್ಡ್ ಗಡ್ಡೆಗಳ ಕತೆ. ಗರ್ಭಕೋಶ ನಾಲ್ಕು ತಿಂಗಳ ಬಸುರಿಯದರಷ್ಟು ಬೆಳೆದಿತ್ತು. ಗರ್ಭಕೋಶ, ಅದರ ಕೊರಳು ಮತ್ತು ಎರಡೂ ಅಂಡನಾಳಗಳನ್ನು ತೆಗೆದರು; ಅಂಡಾಶಯಗಳನ್ನು ಉಳಿಸಿದರು. ನಾಳಗಳೇಕೆ ಎಂದರೆ, ಅಂಡಾಶಯದ ಕ್ಯಾನ್ಸರ್ ಎಂದು ಕರೆಯುವ ಕಾಯಿಲೆಯ ಬಹುಪಾಲು ಶುರುವಾಗುವುದು ನಾಳದ ತುದಿಯಲ್ಲಿ ಎಂದು ಈಗ ತಿಳಿದಿದೆ. ಮಕ್ಕಳಾಗುವ ಯೋಚನೆ ಮುಗಿದ ಮೇಲೆ ನಾಳದಿಂದ ಬೇರೆ ಉಪಯೋಗವೂ ಇಲ್ಲ, ಅದು ಹಾರ್ಮೋನು ತಯಾರಿಸುವುದೂ ಇಲ್ಲ.

ಮನೆಗೆ ಬಂದ ಮೇಲೆ ನಮ್ಮ ಅತ್ತೆಯವರಿಗೆ ಒಂದು ಚಿಂತೆ. 'ತಿಂಗಳು ತಿಂಗಳು ಹೋಗಬೇಕಾದ ಕೆಟ್ಟ ರಕ್ತ ಇನ್ನು ಒಳಗೇ ನಿಲ್ಲುತ್ತದಲ್ಲೇ ತಾಯಿ' ಎಂದರು. ಈ ಮಾತನ್ನು ನೀವೂ ಕೇಳಿರುತ್ತೀರಿ. ಮುಟ್ಟಿನ ರಕ್ತ ಬೇರೆಲ್ಲೋ ಕೂಡಿಟ್ಟ ಕೊಳೆಯಲ್ಲ. ಗರ್ಭಕೋಶದ ಪದರವೇ ಅದು. ಪದರವಿಲ್ಲದಿದ್ದರೆ ಆ ರಕ್ತವೂ ಹುಟ್ಟುವುದಿಲ್ಲ, ನಿಲ್ಲುವುದಕ್ಕೆ ಏನೂ ಇರುವುದಿಲ್ಲ. ಹಾಗಾದರೆ ಅಂಡಾಣು ಎಲ್ಲಿ ಹೋಗುತ್ತದೆ? ಅಂಡಾಶಯ ತನ್ನ ಪಾಡಿಗೆ ಅದನ್ನು ಬಿಡುಗಡೆ ಮಾಡುತ್ತಲೇ ಇರುತ್ತದೆ. ಸಾಸಿವೆಗಿಂತಲೂ ಎಷ್ಟೋ ಸಣ್ಣದಾದ ಆ ಅಂಡಾಣು ಹೊಟ್ಟೆಯೊಳಗೇ ಕರಗಿ ದೇಹದಲ್ಲಿ ಸೇರಿಹೋಗುತ್ತದೆ.

ಆದ್ದರಿಂದ ನನಗೆ ಮುಟ್ಟು ನಿಂತರೂ ತಿಂಗಳು ನಿಲ್ಲಲಿಲ್ಲ. ನಾಲ್ಕು ವಾರಕ್ಕೊಮ್ಮೆ ಎದೆ ನೋಯುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು, ಒಂದೆರಡು ದಿನ ಯಾರು ಏನೆಂದರೂ ಸಿಡುಕು. ಆಮೇಲೆ ತಾನಾಗಿ ಇಳಿಯುತ್ತಿತ್ತು. ಇದು ಕಾಯಿಲೆಯಲ್ಲ, ಅಂಡಾಶಯ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಇದರಲ್ಲಿ ಒಂದು ತೊಡಕಿದೆ. ಸಹಜವಾಗಿ ಮುಟ್ಟು ನಿಲ್ಲುವ ಕಾಲ ಬಂದದ್ದು ನಮ್ಮಂಥವರಿಗೆ ಗೊತ್ತಾಗುವುದು ಹೇಗೆ? ಬೇರೆಯವರಾದರೆ ಒಂದು ವರ್ಷ ಮುಟ್ಟಾಗದಿದ್ದರೆ ಲೆಕ್ಕ ಹಾಕುತ್ತಾರೆ. ನಮಗೆ ಆ ಪಂಚಾಂಗವೇ ಇಲ್ಲ. ಅದರ ಜೊತೆಗೆ, ಅಂಡಾಶಯಕ್ಕೆ ಹೋಗುವ ರಕ್ತದ ಒಂದು ಭಾಗ ಗರ್ಭಕೋಶದ ರಕ್ತನಾಳದ ಮೂಲಕವೇ ಹೋಗುತ್ತದೆ. ಅದನ್ನು ಕಟ್ಟಿಹಾಕುವುದೂ ಒಂದು ಕಾರಣವಿರಬಹುದು, ಇಂಥ ಹೆಂಗಸರಲ್ಲಿ ಅಂಡಾಶಯ ಒಂದೆರಡು ವರ್ಷ ಮೊದಲೇ ಕೆಲಸ ನಿಲ್ಲಿಸುವುದುಂಟು. ನನಗೆ 48 ತುಂಬಿದ ಮೇಲೆ ತಿಂಗಳ ಎದೆನೋವು ಕಾಣೆಯಾಗಿ, ಕೂತಲ್ಲೇ ಮುಖಕ್ಕೆ ಬಿಸಿ ಏರತೊಡಗಿತು. ರಕ್ತದಲ್ಲಿ ಎಫ್‌ಎಸ್‌ಎಚ್ ಪರೀಕ್ಷೆ ಮಾಡಿಸಿದರು, ಆರು ವಾರ ಬಿಟ್ಟು ಮತ್ತೊಮ್ಮೆ. ಎರಡು ಸಲ ಯಾಕೆಂದರೆ, ಅಂಡಾಣು ಹೊರಬೀಳುವ ದಿನಗಳಲ್ಲೂ ಎಫ್‌ಎಸ್‌ಎಚ್ ಏರುತ್ತದೆ, ನಿಲ್ಲುವ ಕಾಲದಲ್ಲಂತೂ ಏರಿಳಿಯುತ್ತಲೇ ಇರುತ್ತದೆ. ಒಂದೇ ಅಂಕೆಯನ್ನು ನಂಬಿದರೆ ಮೋಸಹೋಗಬಹುದು.

ಇನ್ನು ನನ್ನ ಓರಗಿತ್ತಿಯ ವಿಷಯ. ಅವಳಿಗೆ ಆದದ್ದು ಅಡಿನೊಮಯೋಸಿಸ್. ಗರ್ಭಕೋಶದ ಒಳಪದರ ಅದರ ಗೋಡೆಯೊಳಕ್ಕೇ ನುಗ್ಗಿ ಬೆಳೆಯುವ ತೊಂದರೆ ಇದು. ವಿಪರೀತ ರಕ್ತಸ್ರಾವದಿಂದ ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿಳಿದಿತ್ತು. ಗರ್ಭಕೋಶ ತೆಗೆಸಿದ್ದು ಸರಿಯೇ. ಆದರೆ 'ಹೇಗೂ ಹೊಟ್ಟೆ ತೆರೆದಿದ್ದೇವೆ, ನಾಳೆ ಕ್ಯಾನ್ಸರ್ ಬಾರದಿರಲಿ' ಎಂದು ಆ ನರ್ಸಿಂಗ್ ಹೋಮಿನಲ್ಲಿ ಚೆನ್ನಾಗಿದ್ದ ಎರಡೂ ಅಂಡಾಶಯಗಳನ್ನೂ ತೆಗೆದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ನಮ್ಮ ಮೈದುನ. ಅದರಲ್ಲಿ ಏನಿತ್ತೆಂದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಐದನೆಯ ರಾತ್ರಿ ಅವಳು ಬೆವರಿ ಎದ್ದು ಕೂತಳು. ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಜ್ವರವೆಂದು ನೋಡಿದರೆ ಥರ್ಮಾಮೀಟರಿನಲ್ಲಿ 98. ಮುಂದಿನ ವಾರಗಳಲ್ಲಿ ರಾತ್ರಿಗೆ ನಾಲ್ಕೈದು ಸಲ ಹೀಗೇ. ನಿದ್ದೆಯಿಲ್ಲ, ಕೀಲುನೋವು, ಕಾರಣವಿಲ್ಲದೆ ಅಳು. ಮನೆಯವರು 'ನಿಶ್ಶಕ್ತಿ' ಎಂದು ಬಾಣಂತಿಯ ಹಾಗೆ ತುಪ್ಪ, ಅಂಟಿನುಂಡೆ ತಿನ್ನಿಸಿದರು. ನಿಜವಾಗಿ ಆಗಿದ್ದೇನೆಂದರೆ, ಸಹಜವಾಗಿಯಾದರೆ ಹಲವು ವರ್ಷ ಹಿಡಿದು ಮೆಲ್ಲಗೆ ಇಳಿಯಬೇಕಾದ ಈಸ್ಟ್ರೋಜನ್ ಅವಳಿಗೆ ಕೆಲವೇ ದಿನಗಳಲ್ಲಿ ಬಿದ್ದುಹೋಗಿತ್ತು. ಅಂಡಾಶಯದಿಂದ ಬರುವ ಟೆಸ್ಟೊಸ್ಟಿರಾನೂ ನಿಂತಿತ್ತು; ಹೆಂಗಸರ ದೇಹದಲ್ಲೂ ಅದು ಸ್ವಲ್ಪ ಇರುತ್ತದೆ.

ಬೆವರು ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಮೂಳೆ ಮತ್ತು ಹೃದಯದ್ದು. ಈಸ್ಟ್ರೋಜನ್ ಇಲ್ಲದೆ ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಸಂಭವ ಹೆಚ್ಚುತ್ತದೆ. ನಮ್ಮ ದೇಶದಲ್ಲಿ ಸಹಜವಾಗಿ ಮುಟ್ಟು ನಿಲ್ಲುವುದು ಸರಾಸರಿ 46-47ರ ಹೊತ್ತಿಗೆ. 40ಕ್ಕೇ ನಿಲ್ಲಿಸಿದರೆ ಅಷ್ಟು ವರ್ಷಗಳ ಹಾರ್ಮೋನು ಕಳೆದುಕೊಂಡಂತೆ. ಅದಕ್ಕೇ ಇಂಥವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಸುಮಾರು 50ರವರೆಗೆ ಹೊರಗಿನಿಂದ ಈಸ್ಟ್ರೋಜನ್ ಕೊಡುತ್ತಾರೆ.

ಕಾರ್ಡು ಓದಿದವಳು ಅವಳ ಮಗಳು, ಇಂಜಿನಿಯರಿಂಗ್ ಎರಡನೆಯ ವರ್ಷದವಳು. 'ದೊಡ್ಡಮ್ಮ, ಇದರಲ್ಲಿ ಬೈಲ್ಯಾಟರಲ್ ಸಾಲ್ಪಿಂಜೋ-ಊಫೊರೆಕ್ಟಮಿ ಅಂತ ಇದೆ, ನಿಮ್ಮದರಲ್ಲೂ ಇತ್ತಾ?' ಎಂದು ನನಗೆ ಫೋನು ಮಾಡಿದಳು. ನನ್ನದರಲ್ಲಿ ಬರೀ ಸಾಲ್ಪಿಂಜೆಕ್ಟಮಿ ಎಂದಿತ್ತು. ಆ 'ಊಫೊರ್' ಎಂಬುದೇ ಅಂಡಾಶಯ. ಎರಡು ತಿಂಗಳು ಎಲ್ಲರೂ ನಿಶ್ಶಕ್ತಿ ಎಂದದ್ದರ ಉತ್ತರ ಆ ಒಂದು ಪದದಲ್ಲಿತ್ತು.

ಬೇರೆ ಸ್ತ್ರೀರೋಗ ತಜ್ಞೆಯ ಬಳಿ ಹೋದರು. ಅವರು ಸ್ತನದ ಕ್ಯಾನ್ಸರ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಲಿವರ್ ತೊಂದರೆ ಏನಾದರೂ ಇತ್ತೇ ಎಂದು ಕೇಳಿದರು. ಇವು ಇದ್ದವರಿಗೆ ಈ ಔಷಧಿ ಸಾಮಾನ್ಯವಾಗಿ ಕೊಡುವುದಿಲ್ಲ. ಅವಳಿಗೆ ಏನೂ ಇರಲಿಲ್ಲ. ಚರ್ಮದ ಮೇಲೆ ಸವರುವ ಈಸ್ಟ್ರೋಜನ್ ಜೆಲ್ ಬರೆದುಕೊಟ್ಟರು. ನುಂಗುವ ಮಾತ್ರೆಗಿಂತ ಇದರಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಪ್ರೊಜೆಸ್ಟರಾನ್ ಯಾಕಿಲ್ಲ ಎಂದು ಮಗಳು ಕೇಳಿದಳಂತೆ, ಒಳ್ಳೆಯ ಪ್ರಶ್ನೆ. ಅದನ್ನು ಸೇರಿಸುವುದು ಮುಖ್ಯವಾಗಿ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯದಿರಲೆಂದು. ಗರ್ಭಕೋಶವೇ ಇಲ್ಲದವರಿಗೆ ಸಾಮಾನ್ಯವಾಗಿ ಅದು ಬೇಡ. ಎಂಡೊಮೆಟ್ರಿಯೋಸಿಸ್ ಇದ್ದವರಿಗೆ ಮಾತ್ರ ಬೇರೆ ಯೋಚನೆ ಮಾಡುತ್ತಾರೆ, ಆ ಪದರದ ತುಣುಕುಗಳು ಹೊಟ್ಟೆಯಲ್ಲಿ ಇನ್ನೂ ಉಳಿದಿರಬಹುದು.

ಹಾರ್ಮೋನು ಎಂದೊಡನೆ ನಮ್ಮ ಮೈದುನ 'ಕ್ಯಾನ್ಸರ್ ಬರುತ್ತದಂತೆ' ಎಂದು ಬೆಚ್ಚಿಬಿದ್ದ. ಈ ಹೆದರಿಕೆ ಹಬ್ಬಿದ್ದು 2002ರಲ್ಲಿ ಅಮೆರಿಕದ ದೊಡ್ಡದೊಂದು ಅಧ್ಯಯನದ ಸುದ್ದಿಯಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಸ್ತನದ ಕ್ಯಾನ್ಸರ್ ಹೆಚ್ಚಾಗಿ ಕಂಡದ್ದು ಎರಡು ಹಾರ್ಮೋನುಗಳನ್ನೂ ಕೂಡಿಸಿ ತೆಗೆದುಕೊಂಡವರಲ್ಲಿ. ಗರ್ಭಕೋಶ ಇಲ್ಲದೆ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡ ಗುಂಪಿನಲ್ಲಿ ಅದು ಹೆಚ್ಚಲಿಲ್ಲ, ಪಾರ್ಶ್ವವಾಯು ಮಾತ್ರ ಸ್ವಲ್ಪ ಹೆಚ್ಚಿತ್ತು. 40ರ ಹೆಂಗಸಿಗೆ ಅವಳ ದೇಹದಲ್ಲಿ ಇರಬೇಕಾದದ್ದನ್ನೇ ತುಂಬಿಕೊಡುವುದು ಬೇರೆ ಮಾತು. ಮೂರು ವಾರದಲ್ಲಿ ಓರಗಿತ್ತಿಯ ಬೆವರು ಅರ್ಧಕ್ಕಿಳಿಯಿತು, ನಿದ್ದೆ ಬಂತು. ಮೂಳೆಯ ಡೆಕ್ಸಾ ಸ್ಕ್ಯಾನ್ ಆಗಾಗ ಮಾಡಿಸುತ್ತಿದ್ದಾರೆ.

ಅಂಡಾಶಯ ತೆಗೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬಿಆರ್‌ಸಿಎ ಎಂಬ ಜೀನಿನ ದೋಷ ಆ ಹೆಂಗಸಿನಲ್ಲೇ ಇದ್ದರೆ, ಅಂಡಾಶಯಕ್ಕೇ ಕಾಯಿಲೆ ಬಂದಿದ್ದರೆ ತೆಗೆಯಬೇಕಾಗಬಹುದು. ಮುಟ್ಟು ನಿಂತು ವರ್ಷಗಳಾದವರಿಗೆ ಅಷ್ಟೇನೂ ವ್ಯತ್ಯಾಸವಾಗದು. ಕಾರಣವಿಲ್ಲದೆ, ಹೇಳದೆ, 45ರೊಳಗೆ ತೆಗೆಯುವುದಕ್ಕೆ ಮಾತ್ರ ನನ್ನ ತಕರಾರು. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮುಟ್ಟಿನ ದಿನ ಕೂಲಿ ತಪ್ಪೀತೆಂದು ಸಣ್ಣ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ಅವರಲ್ಲಿದ್ದರು. ಅವರ ಕಾರ್ಡುಗಳನ್ನು ಓದಿ ಹೇಳುವವರು ಯಾರಿದ್ದರೋ.

ರಕ್ತದ ವಿಷಯ ಒಂದು ಮಾತು. ಶಸ್ತ್ರಚಿಕಿತ್ಸೆಯಾದ ಮೇಲೆ ನಾಲ್ಕಾರು ವಾರ ಕಂದುಬಣ್ಣದ ಕಲೆ ಕಾಣುವುದು ಸಹಜ, ಹೊಲಿಗೆ ಕರಗುತ್ತಿರುತ್ತದೆ. ಕೆಂಪಾಗಿ ಹರಿದರೆ, ಗಟ್ಟಿ ಬಂದರೆ, ವಾಸನೆ ಅಥವಾ ಜ್ವರ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೆಲವರಿಗೆ ಗರ್ಭಕೋಶದ ಕೊರಳನ್ನು ಉಳಿಸಿರುತ್ತಾರೆ. ಅಂಡಾಶಯವೂ ಇದ್ದರೆ ಅಂಥವರಲ್ಲಿ ಕೆಲವರಿಗೆ ತಿಂಗಳಿಗೊಮ್ಮೆ ಸ್ವಲ್ಪ ಕಲೆ ಕಾಣುವುದುಂಟು. ಅವರು ಪ್ಯಾಪ್ ಪರೀಕ್ಷೆಯನ್ನೂ ಬಿಡುವಂತಿಲ್ಲ. ಕೊರಳೂ ಹೋಗಿದ್ದು ತಿಂಗಳುಗಳ ನಂತರ ರಕ್ತ ಕಂಡರೆ ಅದು ಮುಟ್ಟಲ್ಲ, ವೈದ್ಯರಿಗೆ ತೋರಿಸಲೇಬೇಕು.

ಕಾರ್ಡಿನಲ್ಲಿ ಬರೀ 'ಹಿಸ್ಟರೆಕ್ಟಮಿ' ಎಂದಷ್ಟೇ ಗೀಚಿದ್ದರೆ ಫೈಲಿನಲ್ಲಿ ಹಿಸ್ಟೊಪೆಥಾಲಜಿ ರಿಪೋರ್ಟ್ ಹುಡುಕಿ. ಪ್ರಯೋಗಾಲಯಕ್ಕೆ ಏನೇನು ಬಂತು, ಯಾವುದು ಎಷ್ಟು ಸೆಂಟಿಮೀಟರ್ ಇತ್ತು ಎಂದು ಅದರ ಮೊದಲ ಸಾಲುಗಳಲ್ಲೇ ಬರೆದಿರುತ್ತಾರೆ. ಅಲ್ಲಿ ಬಲ ಓವರಿ, ಎಡ ಓವರಿ ಎಂದು ಅಳತೆ ಸಮೇತ ಇದ್ದರೆ ಅವು ಈಗ ನಿಮ್ಮ ಅಮ್ಮನ ಹೊಟ್ಟೆಯಲ್ಲಿಲ್ಲ.