ಕೊಳ್ಳದೇ ಇರೋದಕ್ಕೂ ಒಂದು ನಿಯಮ

ದುಡ್ಡು ಮತ್ತು ಡಿಮ್ಯಾಟ್ ಖಾತೆ ನಮ್ಮಲ್ಲಿ ಒಬ್ಬನದು, ಸಲಹೆ ಮಾತ್ರ ರೂಮಿನ ಮೂವರದೂ. ಇಂಟರ್ನ್‌ಶಿಪ್‌ನಲ್ಲಿ ಉಳಿದ 40,000 ರೂಪಾಯಿ ಆ ಖಾತೆಯಲ್ಲಿತ್ತು. ಮುಂದಿನ ಸೆಮಿಸ್ಟರಿನ ಫೀಸಿಗೆ ಅಂತ ಇಟ್ಟಿದ್ದ ದುಡ್ಡು ಅದು. ಫೀಸಿನ ದುಡ್ಡು ಅಲ್ಲಿರಲೇಬಾರದಿತ್ತು ಅನ್ನೋದು ಈಗ ಗೊತ್ತು. ಆಗ ಒಂದು ಷೇರು ನಾಲ್ಕು ದಿನ ಸತತ ಏರಿತ್ತು, ನಮಗೆ ಅಷ್ಟೇ ಕಾಣ್ತಿತ್ತು.

412 ರೂಪಾಯಿಯಂತೆ 60 ಷೇರು ಕೊಂಡೆವು. ಮಾರನೇ ದಿನ ಸಂಜೆ ಆ ಕಂಪನಿಯ ತ್ರೈಮಾಸಿಕ ಫಲಿತಾಂಶ ಇದೆ ಅನ್ನೋದನ್ನ ಯಾರೂ ನೋಡಿರಲಿಲ್ಲ. ಫಲಿತಾಂಶ ಚೆನ್ನಾಗಿರಲಿಲ್ಲ. ಮರುದಿನ ಬೆಳಿಗ್ಗೆ 9:15ಕ್ಕೆ ಮಾರುಕಟ್ಟೆ ತೆರೆದಾಗ ಬೆಲೆ ನೇರವಾಗಿ 371. "ವಾಪಸ್ ಬರುತ್ತೆ ಬಿಡೋ, ಆವರೇಜ್ ಮಾಡೋಣ" ಅಂತ 368ಕ್ಕೆ ಇನ್ನೂ 40 ಕೊಂಡೆವು. ವಾಪಸ್ ಬರಲಿಲ್ಲ. ಫೀಸ್ ಕಟ್ಟೋ ಕೊನೇ ದಿನ ಹತ್ತಿರ ಬಂದಾಗ 330ಕ್ಕೆ ನೂರೂ ಷೇರು ಮಾರಿದೆವು. ಹೋದದ್ದು 6,440 ರೂಪಾಯಿ. ಕಡಿಮೆ ಬಿದ್ದದ್ದನ್ನ ಅವನು ಮನೆಯಿಂದ ತರಿಸಿಕೊಂಡ, "ಪುಸ್ತಕ ತಗೋಬೇಕು" ಅಂತ ಅಪ್ಪನಿಗೆ ಹೇಳಿ. ಆ ಫೋನ್ ಕಾಲ್ ನಮ್ಮ ಮುಂದೆಯೇ ಆಯ್ತು. ಮುಂದಿನ ಸೆಮಿಸ್ಟರಿನಲ್ಲಿ ಮೂವರೂ ಸೇರಿ ಅಪ್ಪನ ದುಡ್ಡು ತೀರಿಸಿದೆವು. ಖಾತೆಗೆ ಮತ್ತೆ ಬಂದದ್ದು 33,000, ಅದೂ ಯಾವ ಫೀಸಿಗೂ ಬೇಡದ ದುಡ್ಡು. ಇನ್ನು ಬರೆದಿಟ್ಟ ಪ್ಲಾನ್ ಇಲ್ಲದೆ ಒಂದು ಷೇರೂ ಕೊಳ್ಳಬಾರದು ಅಂತ ತೀರ್ಮಾನ ಮಾಡಿದೆವು.

ಮೊದಲ ಪ್ರಯತ್ನದಲ್ಲಿ ಬರೆದ ಸಾಲು: "ಷೇರು ಚೆನ್ನಾಗಿ ಏರ್ತಿದ್ದಾಗ ಕೊಳ್ಳೋದು." ಒಂದೇ ಚಾರ್ಟನ್ನ ಮೂವರೂ ಬೇರೆ ಬೇರೆ ಕೂತು ನೋಡಿದೆವು. ಒಬ್ಬ ಕೊಳ್ಳೋಣ ಅಂದ, ಒಬ್ಬ ಬೇಡ ಅಂದ, ಇನ್ನೊಬ್ಬ ನಾಳೆ ನೋಡೋಣ ಅಂದ. ನಮ್ಮ ಪರೀಕ್ಷೆ ಇದೇ ಆಯ್ತು: ಒಂದು ನಿಯಮಕ್ಕೆ ಮೂವರಿಂದ ಒಂದೇ ಉತ್ತರ ಬರದಿದ್ದರೆ ಅದಿನ್ನೂ ನಿಯಮ ಆಗಿಲ್ಲ. ತಿದ್ದಿ ತಿದ್ದಿ ಕೊನೆಗೆ ಹೀಗೆ ಬರೆದೆವು: ಇವತ್ತಿನ ಕ್ಲೋಸಿಂಗ್ ಬೆಲೆ ಹಿಂದಿನ 20 ವಹಿವಾಟು ದಿನಗಳ ಎಲ್ಲಾ ಕ್ಲೋಸಿಂಗ್‌ಗಿಂತ ಮೇಲಿದ್ದರೆ ನಾಳೆ ಬೆಳಿಗ್ಗೆ ಕೊಳ್ಳಬಹುದು. ನಾಳೆ ಶೇಕಡ 2ಕ್ಕಿಂತ ಹೆಚ್ಚು ಮೇಲೆ ತೆರೆದರೆ ಬಿಟ್ಟುಬಿಡೋದು, ಅಟ್ಟಿಸಿಕೊಂಡು ಹೋಗೋ ಹಾಗಿಲ್ಲ.

ಹೊರಬರೋ ಬೆಲೆಯನ್ನ ಕೊಳ್ಳೋಕೆ ಮುಂಚೆಯೇ ಬರೀತೀವಿ. ಹಿಂದಿನ 10 ದಿನಗಳಲ್ಲಿ ಷೇರು ಮುಟ್ಟಿದ ಅತಿ ಕಡಿಮೆ ಬೆಲೆಯೇ ನಮ್ಮ ಸ್ಟಾಪ್‌ಲಾಸ್. ದಿನಾ ಸಂಜೆ ಮತ್ತೆ ಲೆಕ್ಕ ಹಾಕ್ತೀವಿ. ಆ ಬೆಲೆ ಮೇಲೆ ಬಂದಿದ್ದರೆ ಸ್ಟಾಪನ್ನೂ ಏರಿಸ್ತೀವಿ, ಕೆಳಗೆ ಮಾತ್ರ ಯಾವತ್ತೂ ಇಳಿಸಲ್ಲ. ಲಾಭದಲ್ಲಿ ಹೊರಬರೋದಕ್ಕೂ ಇದೇ ದಾರಿ. ಆ ಬೆಲೆಗೆ ಮಾರಾಟದ ಆರ್ಡರ್ ಮೊದಲೇ ಆ್ಯಪ್‌ನಲ್ಲಿ ಹಾಕಿಟ್ಟಿರ್ತೀವಿ, ಯಾಕಂದ್ರೆ ಲ್ಯಾಬ್‌ನಲ್ಲಿ ಕೂತು ಫೋನ್ ನೋಡೋಕಾಗಲ್ಲ.

ಎಷ್ಟು ಷೇರು ಅನ್ನೋದು ಈ ಸ್ಟಾಪ್‌ನಿಂದಲೇ ಬರುತ್ತೆ. ನಾವು ಮೊದಲು ಉಲ್ಟಾ ಮಾಡ್ತಿದ್ದೆವು: ಖಾತೆಯಲ್ಲಿರೋ ದುಡ್ಡಿಗೆ ಎಷ್ಟು ಬರುತ್ತೋ ಅಷ್ಟು. ಈಗ ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಬಹುದಾದದ್ದು ಖಾತೆಯ ಶೇಕಡ 1, ಅಂದ್ರೆ 330 ರೂಪಾಯಿ. ಇತ್ತೀಚಿನ ಒಂದು ಟ್ರೇಡ್ ತಗೊಳ್ಳಿ. ಕೊಂಡ ಬೆಲೆ 256, ಸ್ಟಾಪ್ 244. ಒಂದು ಷೇರಿಗೆ ಅಪಾಯ 12 ರೂಪಾಯಿ. 330ನ್ನ 12ರಿಂದ ಭಾಗಿಸಿದ್ರೆ 27 ಷೇರು, ಬೆಲೆ 6,912. ಸ್ಟಾಪ್ ದೂರ ಇದ್ದಷ್ಟೂ ಷೇರು ಕಡಿಮೆ. "ಇದು ಪಕ್ಕಾ ಮಗಾ, ಜಾಸ್ತಿ ಹಾಕೋಣ" ಅನ್ನೋ ಮಾತಿಗೆ ಈ ಭಾಗಾಕಾರದಲ್ಲಿ ಜಾಗವೇ ಇಲ್ಲ.

ಆ ಟ್ರೇಡ್‌ನಲ್ಲಿ ನಮಗೆ ಲಾಭ ಬರಲಿಲ್ಲ. ಒಂಬತ್ತನೇ ದಿನ ಇಡೀ ಮಾರುಕಟ್ಟೆ ಬಿದ್ದೇ ತೆರೆಯಿತು. ನಮ್ಮ ಸ್ಟಾಪ್ ಇನ್ನೂ 244ರಲ್ಲೇ ಇತ್ತು, ಆದರೆ ಮಾರಾಟ ಆದದ್ದು 241ಕ್ಕೆ. ಸ್ಟಾಪ್ ಅಂದ್ರೆ ಆ ಬೆಲೆ ಮುಟ್ಟಿದಾಗ ಮಾರು ಅನ್ನೋ ಆದೇಶ. ಅದೇ ಬೆಲೆ ಸಿಗುತ್ತೆ ಅನ್ನೋ ಖಾತ್ರಿ ಅದಲ್ಲ. 405 ರೂಪಾಯಿ ಹೋಯ್ತು, ತೆರಿಗೆ ಮತ್ತು ಶುಲ್ಕ ಬೇರೆ. ಬೇಜಾರಾಯ್ತು, ಆದರೆ ಯಾರೂ ಮನೆಗೆ ಫೋನ್ ಮಾಡಬೇಕಾಗಲಿಲ್ಲ.

ಆಮೇಲೆ ಹಳೇ ಟ್ರೇಡನ್ನ ಹೊಸ ಪ್ಲಾನ್‌ಗೆ ಹಾಕಿ ನೋಡಿದೆವು. ಆಗ ಖಾತೆ 40,000, ಅಪಾಯದ ಮಿತಿ 400. ಸ್ಟಾಪ್ 396 ಆಗ್ತಿತ್ತು, ಹಾಗಾಗಿ 25 ಷೇರು. ಆದರೆ ಬೆಲೆ 371ಕ್ಕೆ ತೆರೆದಿತ್ತಲ್ಲ, ಷೇರಿಗೆ 41ರಂತೆ 1,025 ರೂಪಾಯಿ ಹೋಗ್ತಿತ್ತು. ಮಿತಿಯ ಎರಡೂವರೆ ಪಟ್ಟು! ಪ್ರವೇಶ, ನಿರ್ಗಮನ, ಪ್ರಮಾಣ ಮೂರೂ ಸರಿಯಿದ್ದರೂ ಆ ರಾತ್ರಿ ನಮ್ಮನ್ನ ಪೂರ್ತಿ ಉಳಿಸ್ತಿರಲಿಲ್ಲ. ಉಳಿಸ್ತಿದ್ದದ್ದು ಒಂದೇ: ಆ ವಾರ ಕೊಳ್ಳದೇ ಇರೋದು.

ಹಾಗಾಗಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಈಗ ದೂರ ಇರೋ ನಿಯಮಗಳಿವೆ. ಫಲಿತಾಂಶಕ್ಕೆ 5 ವಹಿವಾಟು ದಿನದೊಳಗೆ ಕೊಳ್ಳೋ ಹಾಗಿಲ್ಲ, ಮೊದಲೇ ಕೈಯಲ್ಲಿದ್ದರೆ ಹಿಂದಿನ ದಿನವೇ ಮಾರಿಬಿಡೋದು. ದಿನಾಂಕವನ್ನ ಕಂಪನಿ ಮುಂಚೆಯೇ ಎಕ್ಸ್‌ಚೇಂಜ್‌ಗೆ ತಿಳಿಸಿರುತ್ತೆ, ಅವರ ವೆಬ್‌ಸೈಟಿನಲ್ಲಿ ನೋಡಬಹುದು. ನಿಫ್ಟಿ 50 ತನ್ನ 200 ದಿನಗಳ ಸರಾಸರಿಗಿಂತ ಕೆಳಗಿದ್ದರೆ ಹೊಸದಾಗಿ ಏನೂ ಇಲ್ಲ. ಎರಡು ಟ್ರೇಡ್ ಚಾಲ್ತಿಯಲ್ಲಿದ್ದರೆ ಮೂರನೆಯದು ಬೇಡ, ಯಾಕಂದ್ರೆ ಮಾರುಕಟ್ಟೆ ಬಿದ್ದಾಗ ಎಲ್ಲಾ ಒಟ್ಟಿಗೇ ಬೀಳುತ್ತೆ. ಸತತ ಮೂರು ನಷ್ಟ ಆದ್ರೆ ಒಂದು ವಾರ ರಜೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಅಂತೂ ಪೂರ್ತಿ ಬಂದ್. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಅದರಲ್ಲಿ ಕೈಹಾಕಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇಕಡ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ ಅಂತ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೇ ಹೇಳುತ್ತೆ.

ನಿಯಮ ಬದಲಾಯಿಸೋಕೆ ಅವಕಾಶ ಇದೆ, ಭಾನುವಾರ ಮಾತ್ರ. ಮಾರುಕಟ್ಟೆ ಮುಚ್ಚಿರುತ್ತೆ, ತಲೆಯೂ ತಣ್ಣಗಿರುತ್ತೆ.

ಇಷ್ಟೆಲ್ಲ ಬರೆದಿಟ್ಟ ಮಾತ್ರಕ್ಕೆ ಲಾಭ ಬರಲ್ಲ ಅನ್ನೋದೂ ಗೊತ್ತಿದೆ. ಹತ್ತರಲ್ಲಿ ನಾಲ್ಕು ಟ್ರೇಡ್ ಮಾತ್ರ ಗೆದ್ದರೆ, ಒಂದು ಗೆಲುವು ಒಂದು ಸೋಲಿನ ಒಂದೂವರೆ ಪಟ್ಟು ಇದ್ದಾಗಲೇ ಲೆಕ್ಕ ಸಮಸಮ, ಅದೂ ಶುಲ್ಕ ಸೇರಿಸದೆ. ನಮ್ಮ ನಿಯಮ ಅಷ್ಟು ಕೊಡುತ್ತಾ ಅಂತ ಹೇಳೋಕೆ ನಮ್ಮ ಹನ್ನೊಂದು ಟ್ರೇಡ್ ಸಾಲದು. ಅದಕ್ಕೇ ಪ್ರತಿಯೊಂದನ್ನೂ ಬರೀತಿದ್ದೀವಿ, ಕೊಳ್ಳದೆ ಬಿಟ್ಟದ್ದನ್ನೂ ಕಾರಣ ಸಮೇತ.

ಕಳೆದ ವಾರದ ಪುಟದಲ್ಲಿ ಒಂದೇ ಸಾಲಿದೆ: "ಫಲಿತಾಂಶ ಗುರುವಾರ, ಕೊಳ್ಳಲಿಲ್ಲ." ಆ ಷೇರು ಶುಕ್ರವಾರ ಶೇಕಡ 6 ಏರಿತು. ಮೂವರೂ ಸ್ವಲ್ಪ ಹೊತ್ತು ಬೈಕೊಂಡು, ಸಹಿ ಹಾಕಿ, ಮೆಸ್ಸಿಗೆ ಊಟಕ್ಕೆ ಹೋದೆವು.