ಹಾಲಿಲ್ಲದ ಕಾಫಿ ಆಗುತ್ತೆ, ಹಾಲು ಯಾಕಾಗಲ್ಲ?

"ನೀರು ಕುಡೀಬಹುದು ಅಂತೀರ, ಕಾಫಿನೂ ಕುಡೀಬಹುದು ಅಂತೀರ. ಹಾಲು ಮಾತ್ರ ಬೇಡ ಅಂತೀರಲ್ಲ ಸಿಸ್ಟರ್, ಹಾಲೇನು ಕಲ್ಲಾ?"

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಿನ ಆಸ್ಪತ್ರೆಗಳ ಆಪರೇಷನ್ ಥಿಯೇಟರ್‌ಗಳಲ್ಲಿ ನರ್ಸ್ ಆಗಿದ್ದಷ್ಟು ದಿನವೂ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಕೇಳುವವರ ತಪ್ಪಲ್ಲ. ನಮ್ಮ ಕಡೆ ಮನೆಗೆರಡು ಹಸು, ಬೆಳಗಾದರೆ ಡೈರಿ. ಕಾಯಿಲೆ ಬಿದ್ದವರಿಗೆ, ಬಾಣಂತಿಗೆ, ಹಲ್ಲಿಲ್ಲದ ಅಜ್ಜಿಗೆ ಎಲ್ಲರಿಗೂ ಮೊದಲು ಕೊಡುವುದು ಹಾಲು. ಅದು ಹಗುರ ಅನ್ನುವ ನಂಬಿಕೆ ತಲೆಮಾರುಗಳಿಂದ ಬಂದದ್ದು. ಅಂಥ ಹಾಲನ್ನು ಬಿಟ್ಟು, ಎದೆ ಉರಿಸುವ ಡಿಕಾಕ್ಷನ್ ಕುಡಿಯಿರಿ ಅಂದರೆ ಯಾರಿಗಾದರೂ ವಿಚಿತ್ರ ಅನ್ನಿಸುತ್ತೆ.

ಉತ್ತರ ಮಕ್ಕಳನ್ನು ಸಾಕಿದ ಎಲ್ಲ ಹೆಂಗಸರಿಗೂ ಗೊತ್ತಿದೆ. ಹಾಲು ಕುಡಿದ ಮಗು ಸ್ವಲ್ಪ ಹೊತ್ತಿನ ಮೇಲೆ ಕಕ್ಕಿದರೆ ಹೆಗಲ ಮೇಲೆ ಬೀಳುವುದು ಹಾಲಲ್ಲ. "ಮೊಸರು ಕಕ್ತು" ಅನ್ನುತ್ತೇವೆ. ಹೊಟ್ಟೆಯ ಆಮ್ಲ ಸೇರಿದ ಕೂಡಲೇ ಹಾಲು ಒಡೆಯುತ್ತೆ, ಕಾದ ಹಾಲಿಗೆ ನಿಂಬೆರಸ ಹಿಂಡಿದಾಗ ಆಗುವ ಹಾಗೆ. ಹಾಲಿನಲ್ಲಿರುವ ಕೇಸಿನ್ ಅನ್ನೋ ಪ್ರೋಟೀನು ಗಟ್ಟಿ ಗರಣೆ ಕಟ್ಟುತ್ತೆ, ಕೊಬ್ಬು ಅದರೊಳಗೆ ಸಿಕ್ಕಿಕೊಳ್ಳುತ್ತೆ. ಬಾಯಲ್ಲಿ ನೀರಿನಂತಿದ್ದದ್ದು ಹೊಟ್ಟೆಯಲ್ಲಿ ಊಟವಾಗಿಬಿಡುತ್ತೆ. ಆ ಗರಣೆ ಕರಗಿ ಕರುಳಿಗೆ ಇಳಿಯೋಕೆ ಗಂಟೆಗಟ್ಟಲೆ ಬೇಕು. ಬರೀ ನೀರಿಗೆ ಈ ರಗಳೆ ಇಲ್ಲ. ಆರೋಗ್ಯವಂತರಲ್ಲಿ ಕುಡಿದ ನೀರಿನ ಅರ್ಧ ಭಾಗ ಹತ್ತಿಪ್ಪತ್ತು ನಿಮಿಷದಲ್ಲೇ ಹೊಟ್ಟೆ ದಾಟುತ್ತೆ, ಗಂಟೆಯೊಳಗೆ ಹೆಚ್ಚುಕಮ್ಮಿ ಎಲ್ಲವೂ ಹೋಗಿರುತ್ತೆ. ಸಕ್ಕರೆ ಅಥವಾ ಬೆಲ್ಲ ಹಾಕಿದ, ಹಾಲಿಲ್ಲದ ಕಾಫಿಯೂ ಸರಿಸುಮಾರು ಹೀಗೇ.

ಹೊಟ್ಟೆಯಲ್ಲಿ ಏನಿದ್ದರೆ ಅರಿವಳಿಕೆ ಡಾಕ್ಟರಿಗೇನು? ಎಚ್ಚರವಿದ್ದಾಗ ನೀರು ಅಡ್ಡದಾರಿ ಹಿಡಿದರೆ ನೆತ್ತಿಗೇರಿ ಕೆಮ್ಮು ಬರುತ್ತೆ. ಆ ಕೆಮ್ಮೇ ಶ್ವಾಸಕೋಶದ ಕಾವಲುಗಾರ. ಪೂರ್ತಿ ಮಂಪರು ಕೊಟ್ಟಾಗ ಕೆಮ್ಮೂ ಮಲಗುತ್ತೆ, ಅನ್ನನಾಳದ ಕೆಳಗಿನ ಬಾಗಿಲೂ ಸಡಿಲವಾಗುತ್ತೆ. ಹೊಟ್ಟೆಯಲ್ಲಿದ್ದದ್ದು ಸದ್ದಿಲ್ಲದೆ ಗಂಟಲಿಗೆ ಬಂದು ಉಸಿರಿನ ನಾಳಕ್ಕೆ ಇಳಿಯಬಹುದು. ಆಗ ಬೆರಳಿಗೆ ಸಿಕ್ಕಿಸಿದ ಕ್ಲಿಪ್‌ನ ಆಮ್ಲಜನಕದ ಸಂಖ್ಯೆ ಸರಸರ ಇಳಿಯುತ್ತೆ, ಎದೆಯಲ್ಲಿ ಸುಯ್ ಸುಯ್ ಸದ್ದು ಕೇಳುತ್ತೆ. ಕೆಲವರಲ್ಲಿ ಗಂಟೆಗಳ ಮೇಲೆ ಜ್ವರ, ಏದುಸಿರು ಶುರುವಾಗುತ್ತೆ. ಹೀಗಾಗುವುದು ಬಹಳ ಅಪರೂಪ. ಆದರೆ ಆದಾಗ ಥಿಯೇಟರಿನಲ್ಲಿ ಯಾರ ಮುಖದಲ್ಲೂ ರಕ್ತ ಇರುವುದಿಲ್ಲ.

ಗಟ್ಟಿಯೂ ತೆಳುವೂ ಒಂದೇ ಅಲ್ಲ ಅನ್ನುವುದನ್ನು ಲೆಕ್ಕ ಸಮೇತ ತೋರಿಸಿದವರು ನ್ಯೂಯಾರ್ಕಿನ ಹೆರಿಗೆ ಡಾಕ್ಟರ್ ಕರ್ಟಿಸ್ ಮೆಂಡೆಲ್ಸನ್. 1946ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 44,016 ಗರ್ಭಿಣಿಯರ ದಾಖಲೆ ಇತ್ತು. ಅವರಲ್ಲಿ 66 ಜನಕ್ಕೆ ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯದು ಶ್ವಾಸಕೋಶ ಸೇರಿತ್ತು. ಸತ್ತವರು ಇಬ್ಬರು, ಇಬ್ಬರೂ ಗಟ್ಟಿ ಆಹಾರ ಸಿಕ್ಕಿ ಉಸಿರುಕಟ್ಟಿದವರು. ಇದಾದ ಮೇಲೆ "ರಾತ್ರಿ ಹನ್ನೆರಡರ ಮೇಲೆ ಒಂದು ತೊಟ್ಟೂ ಇಲ್ಲ" ಅನ್ನುವ ಕಟ್ಟುನಿಟ್ಟು ಲೋಕಕ್ಕೆಲ್ಲ ಹಬ್ಬಿತು. ಊಟಕ್ಕೂ ನೀರಿಗೂ ಒಂದೇ ಬೀಗ. ತಮಾಷೆ ಅಂದರೆ ಅದಕ್ಕೂ ಮೊದಲು, 1883ರಲ್ಲೇ, ಇಂಗ್ಲೆಂಡಿನ ಜೋಸೆಫ್ ಲಿಸ್ಟರ್ ಹೊಟ್ಟೆಯಲ್ಲಿ ಗಟ್ಟಿ ಪದಾರ್ಥ ಇರಬಾರದು, ಆದರೆ ಎರಡು ಗಂಟೆ ಮೊದಲು ಒಂದು ಕಪ್ ಟೀ ಕೊಡಬಹುದು ಎಂದು ಬರೆದಿದ್ದರು. ಸುತ್ತಿ ಬಳಸಿ ಈಗ ಅಲ್ಲಿಗೇ ಬಂದಿದ್ದೇವೆ. ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೂ ನೀರಿನಂಥ ತಿಳಿ ದ್ರವಕ್ಕೆ ಎರಡು ಗಂಟೆ. ಹಾಲಿಗೆ, ಇಡ್ಲಿಯಂಥ ಹಗುರ ತಿಂಡಿಗೆ ಆರು ಗಂಟೆ ಲೆಕ್ಕ. ಮಟನ್ ಸಾರು, ಕರಿದದ್ದು ಇದ್ದರೆ ಎಂಟು ಗಂಟೆ ಅಥವಾ ಇನ್ನೂ ಹೆಚ್ಚು.

ಇದು ಕಾಗದದ ಮೇಲಿನ ಮಾತಾಯಿತು. ಚನ್ನಪಟ್ಟಣದ ಕಡೆಯ ಒಬ್ಬ ಯಜಮಾನರ ದಿನವನ್ನು ಹೇಳುತ್ತೇನೆ. ವಯಸ್ಸು ಅರವತ್ತು ದಾಟಿತ್ತು, ಹರ್ನಿಯಾ ಆಪರೇಷನ್, ಹತ್ತು ಗಂಟೆಗೆ ಮೊದಲ ಕೇಸು. ಹಿಂದಿನ ದಿನ ಅವರಿಗೆ ಯಾರೋ ಹೇಳಿದ್ದು ಇಷ್ಟೇ: "ರಾತ್ರಿ ಊಟ ಆದ್ಮೇಲೆ ಏನೂ ತಿನ್ಬೇಡಿ." ಬೆಳಿಗ್ಗೆ ಡಾಕ್ಟರು ಕೇಳಿದರು, "ಏನಾದ್ರೂ ತಿಂದ್ರಾ?" "ಇಲ್ಲ ಸಾ." ನನಗೆ ನಮ್ಮ ಜನದ ಮಾತು ಗೊತ್ತು. ಪಕ್ಕಕ್ಕೆ ಹೋಗಿ ಕೇಳಿದೆ, "ಯಜಮಾನ್ರೇ, ಎದ್ದಾಗಿಂದ ಬಾಯಿಗೆ ಏನೇನು ಹೋಯ್ತು ಹೇಳಿ."

"ಏನೂ ಇಲ್ಲ ಕಣವ್ವ. ಹಾಲು ಕರ್ದು ಡೈರಿಗೆ ಹಾಕ್ಬಂದೆ. ನಮ್ಮವಳು ಒಂದ್ ಲೋಟ ಹಾಲು ಕಾಯ್ಸಿ ಕೊಟ್ಲು, ಕುಡ್ದೆ. ತಿಂದಿಲ್ಲ."

ಸುಳ್ಳಲ್ಲ. ಕನ್ನಡದಲ್ಲಿ ಹಾಲನ್ನು ಕುಡಿಯುತ್ತೇವೆ, ತಿನ್ನುವುದಿಲ್ಲ. "ತಿನ್ಬೇಡಿ" ಅಂದವರ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದರು. ಎಷ್ಟೊತ್ತಿಗೆ ಅಂದರೆ ಡೈರಿ ಬಾಗಿಲು ಹಾಕೋ ಹೊತ್ತು, ಅಂದರೆ ಏಳು ಗಂಟೆ. ಏಳಕ್ಕೆ ಆರು ಸೇರಿಸಿದರೆ ಮಧ್ಯಾಹ್ನ ಒಂದು. ಹತ್ತರ ಕೇಸು ಒಂದಕ್ಕೆ ಹೋಯಿತು.

ಅವರ ಜಾಗಕ್ಕೆ ಬಂದ ಹೆಂಗಸು ಪಿತ್ತಕೋಶದ ಕಲ್ಲಿನವರು. ಅವರೂ ಏಳು ಗಂಟೆಗೇ ಒಂದು ಲೋಟ ಕಾಫಿ ಕುಡಿದು ಬಂದಿದ್ದರು, ಹಾಲಿಲ್ಲದ್ದು. ಎರಡು ಗಂಟೆ ಯಾವಾಗಲೋ ಕಳೆದಿತ್ತು. ಯಜಮಾನರಿಗೆ ಸಿಟ್ಟು ಬಂತು. "ಆಯಮ್ಮನೂ ಏಳಕ್ಕೆ ಕುಡ್ದಿರೋದು, ನಾನೂ ಏಳಕ್ಕೆ ಕುಡ್ದಿರೋದು. ನಂಗೇ ಯಾಕೆ ಈ ಶಿಕ್ಷೆ? ಅದೂ ನಂಗೆ ಬೆನ್ನಿಗೆ ತಾನೆ ಇಂಜೆಕ್ಷನ್ನು, ಎಚ್ಚರವಾಗೇ ಇರ್ತೀನಿ!" ಮೊಸರು ಕಕ್ಕುವ ಮಗುವಿನ ಮಾತು ಹೇಳಿದಾಗ ಸ್ವಲ್ಪ ತಣ್ಣಗಾದರು. ಬೆನ್ನಿನ ಇಂಜೆಕ್ಷನ್ ವಿಷಯಕ್ಕೆ ಉತ್ತರ ಬೇರೆ. ಅದು ಒಮ್ಮೊಮ್ಮೆ ಸರಿಯಾಗಿ ಹಿಡಿಯುವುದಿಲ್ಲ, ಇಲ್ಲವೇ ಆಪರೇಷನ್ ಲಂಬಿಸುತ್ತೆ. ಆಗ ಪೂರ್ತಿ ಮಂಪರಿಗೆ ಹೋಗಲೇಬೇಕು, ಆ ಹೊತ್ತಿಗೆ ಹೊಟ್ಟೆ ಖಾಲಿ ಮಾಡೋಕಾಗಲ್ಲ. ಅದಕ್ಕೇ ಎರಡಕ್ಕೂ ಒಂದೇ ಉಪವಾಸ.

ಒಂದು ಗಂಟೆಯವರೆಗೆ ಅವರನ್ನು ಒಣಗಿಸಲೂ ಇಲ್ಲ. ಹನ್ನೊಂದರವರೆಗೆ ನೀರು ಕೊಡಲು ಅಡ್ಡಿಯಿರಲಿಲ್ಲ. ಡಾಕ್ಟರನ್ನು ಕೇಳಿ ಹತ್ತೂವರೆಗೆ ಒಂದು ಲೋಟ ನೀರು ಕೊಟ್ಟೆ. ಈ ಭಾಗ ಜನಕ್ಕೂ ಗೊತ್ತಿಲ್ಲ, ಕೆಲವು ವಾರ್ಡುಗಳಿಗೂ ಗೊತ್ತಿಲ್ಲ. ರಾತ್ರಿ ಎಂಟಕ್ಕೆ ಮುದ್ದೆ ಉಂಡು, ಮಾರನೇ ದಿನ ಹನ್ನೊಂದರವರೆಗೆ ತೊಟ್ಟು ನೀರಿಲ್ಲದೆ ಬಂದವರನ್ನು ಎಷ್ಟು ನೋಡಿದ್ದೇನೋ. ತುಟಿ ಒಡೆದಿರುತ್ತೆ, ತಲೆ ಸಿಡಿಯುತ್ತಿರುತ್ತೆ, ಡ್ರಿಪ್ ಹಾಕಲು ನರ ಸಿಗುವುದಿಲ್ಲ. ದಿನಾ ಎರಡು ಮೂರು ಲೋಟ ಕಾಫಿ ಕುಡಿಯುವವರಿಗೆ ಕಾಫಿ ತಪ್ಪಿದ ತಲೆನೋವು ಬೇರೆ. ನೀರು ಕುಡಿಯದಿದ್ದರೆ ಹೊಟ್ಟೆ ಹೆಚ್ಚು ಖಾಲಿ ಇರುತ್ತೆ ಅನ್ನುವುದೂ ನಿಜವಲ್ಲ, ಅದು ತನ್ನ ಪಾಡಿಗೆ ಆಮ್ಲ ಸುರಿಸುತ್ತಲೇ ಇರುತ್ತೆ. ಆಸ್ಪತ್ರೆಯವರು ಹಾಗೆ ಹೇಳುವುದಕ್ಕೂ ಒಂದು ಕಾರಣವಿದೆ: ಮಧ್ಯಾಹ್ನದ ಕೇಸು ಯಾವ ಗಳಿಗೆಯಲ್ಲಿ ಬೆಳಿಗ್ಗೆಗೆ ಬರುತ್ತೋ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ "ಎಷ್ಟು ಗಂಟೆವರೆಗೆ ನೀರು ಕುಡೀಬಹುದು?" ಎಂದು ಹಿಂದಿನ ದಿನವೇ ಕೇಳಿ, ಗಡಿಯಾರದ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಬಿಪಿ ಮಾತ್ರೆ ನುಂಗಬೇಕೋ ಬೇಡವೋ ಅನ್ನುವುದನ್ನೂ ಅದೇ ಚೀಟಿಯಲ್ಲಿ.

"ಚೂರೇ ಚೂರು ಹಾಲು ಹಾಕ್ಲಾ?" ಎಂದು ಕೇಳುವವರಿದ್ದಾರೆ. ಯುರೋಪಿನ ಅರಿವಳಿಕೆ ತಜ್ಞರು ಇದನ್ನೂ ಬಿಟ್ಟಿಲ್ಲ. ಲೋಟದ ಐದನೇ ಒಂದು ಭಾಗದವರೆಗೆ ಹಾಲಿದ್ದರೆ ಆ ಕಾಫಿ, ಟೀಯನ್ನು ತಿಳಿ ದ್ರವವೆಂದೇ ಎಣಿಸಬಹುದು ಅನ್ನುತ್ತಾರೆ. ಅವರ ಕಾಫಿಗೆ ಅದು ಸರಿ. ನಮ್ಮದರಲ್ಲಿ ಹಾಲೇ ಮುಕ್ಕಾಲು, ಡಿಕಾಕ್ಷನ್ ಬಣ್ಣಕ್ಕೆ. 150 ಮಿಲಿ ಲೋಟದಲ್ಲಿ ಐದನೇ ಒಂದು ಅಂದರೆ 30 ಮಿಲಿ. ನಮ್ಮಮ್ಮ ಅದನ್ನು ಕಾಫಿ ಅಂತಲೇ ಒಪ್ಪುತ್ತಿರಲಿಲ್ಲ. ನಾನು ಕೆಲಸ ಮಾಡಿದ ಕಡೆ ಯಾವ ಡಾಕ್ಟರೂ ಈ ವಿನಾಯಿತಿ ಕೊಡಲಿಲ್ಲ, ಸರಿಯೇ ಮಾಡಿದರು ಅನ್ನಿಸುತ್ತೆ.

ಮಿಕ್ಕದ್ದನ್ನೂ ಇದೇ ಕಣ್ಣಿನಲ್ಲಿ ನೋಡಿದರೆ ಗೊಂದಲವಿಲ್ಲ. ಗಂಜಿಯಿಲ್ಲದ ಎಳನೀರು, ಸೋಸಿದ ನಿಂಬೆ ಪಾನಕ ನೀರಿನ ಜಾತಿ. ಎಷ್ಟೇ ನೀರಾಗಿದ್ದರೂ ಮಜ್ಜಿಗೆ ಹಾಲಿನ ಜಾತಿಯೇ. ರಾಗಿ ಅಂಬಲಿ ಕುಡಿಯುವ ಮುದ್ದೆ ಅಷ್ಟೆ. ಬಣ್ಣ ಮುಖ್ಯವಲ್ಲ, ಕಪ್ಪು ಕಾಫಿಯ ಆಚೆ ಏನೂ ಕಾಣದಿದ್ದರೂ ಅದು ಪಾಸು. ಒಳಗೆ ಕೊಬ್ಬು, ಹಿಟ್ಟು, ಒಡೆಯುವ ವಸ್ತು ಇರಬಾರದು.

ಆದರೆ ಎರಡು ಗಂಟೆಯ ಈ ಲೆಕ್ಕ ಎಲ್ಲರಿಗೂ ಅಲ್ಲ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರ ಹೊಟ್ಟೆ ನಿಧಾನ. ಕರುಳು ಕಟ್ಟಿದವರಲ್ಲಿ ಯಾವುದೂ ಕೆಳಗೆ ಇಳಿಯುವುದಿಲ್ಲ. ಹೆರಿಗೆ ನೋವು ಬಂದಾಗಲೂ, ದೊಡ್ಡ ಪೆಟ್ಟು ಬಿದ್ದಾಗಲೂ ಹೊಟ್ಟೆ ಕೆಲಸ ನಿಲ್ಲಿಸಿದ ಹಾಗೆಯೇ. ಇಂಥವರಿಗೆ ಡಾಕ್ಟರು ಬೇರೆ ಹೊತ್ತು ಹೇಳುತ್ತಾರೆ. ಬರೀ ಹನಿ ಹಾಕಿ ಮಾಡುವ ಕಣ್ಣಿನ ಪೊರೆಯ ಆಪರೇಷನ್‌ಗಾದರೆ ಕೆಲವು ಕಡೆ ತಿಂಡಿ ತಿಂದೇ ಬನ್ನಿ ಅನ್ನುತ್ತಾರೆ.

ಇನ್ನು ಎದೆಹಾಲು. ಮಾಗಡಿ ಕಡೆಯ ಒಬ್ಬ ತಾಯಿ ಏಳು ತಿಂಗಳ ಮಗುವನ್ನು ಹರ್ನಿಯಾಕ್ಕೆ ಕರೆತಂದಾಗ, ಹಸುವಿನ ಹಾಲಿಗೆ ಆರು ಗಂಟೆ, ನನ್ನ ಹಾಲಿಗೆ ಯಾಕೆ ನಾಲ್ಕೇ ಎಂದು ಕೇಳಿದ್ದಳು. ತಾಯಿಯ ಹಾಲಿನಲ್ಲಿ ಕೇಸಿನ್ ಕಡಿಮೆ, ಒಡೆದರೂ ಗರಣೆ ಮೆತ್ತಗಿರುತ್ತೆ, ಬೇಗ ಇಳಿಯುತ್ತೆ. ಎಂಟು ಗಂಟೆಗೆ ಆಪರೇಷನ್ ಇತ್ತು. ಬೆಳಗಿನ ಜಾವ ಮೂರೂಮುಕ್ಕಾಲಿಗೆ ವಾರ್ಡಿನ ಆಯಾ ಅವಳನ್ನು ಎಬ್ಬಿಸಿದಳು. ನಾಲ್ಕರೊಳಗೆ ಮಗು ಹಾಲು ಕುಡಿದು ಮಲಗಿತು. ಐದೂವರೆಗೆ ಎದ್ದು ಅತ್ತಾಗ ಎರಡು ಚಮಚ ಸಕ್ಕರೆ ನೀರು ಹಾಕಿದೆವು. ಥಿಯೇಟರಿಗೆ ಎತ್ತಿಕೊಂಡು ಹೋಗುವಾಗ ಅದು ನನ್ನ ಕನ್ನಡಕ ಕಿತ್ತುಕೊಳ್ಳುವಷ್ಟು ಗೆಲುವಾಗಿತ್ತು.