‘ಎಲ್ಲರೂ’ ಎಂಬ ಹೆಸರು

2024ರ ಅಕ್ಟೋಬರಿನ ಒಂದು ಸಂಜೆ, ಪುಣೆಯ ನಮ್ಮ ಬಡಾವಣೆಯ ಕನ್ನಡಿಗರು ಹನ್ನೊಂದು ಮಂದಿ ರಾಜ್ಯೋತ್ಸವದ ಸಿದ್ಧತೆಗೆಂದು ಕೂಡಿದೆವು. ಮೊದಲ ತೊಡಕು ದಿನಾಂಕದ್ದು. ನವೆಂಬರ್ 1ರಂದೇ ಇಲ್ಲಿ ಲಕ್ಷ್ಮೀಪೂಜೆ. 3ರ ಭಾನುವಾರ ಭಾವೂಬೀಜ್. 10ರ ಹೊತ್ತಿಗೆ ರಜೆಗೆ ಊರಿಗೆ ಹೋದ ಮಕ್ಕಳು ಮರಳಿರುವುದಿಲ್ಲ, ಅವರಿಲ್ಲದೆ ನಾಟಕವಿಲ್ಲ. 17 ಎಂದರೆ ಮತದಾನಕ್ಕೆ ಮೂರೇ ದಿನ. ನಾಟಕ ಕಲಿಸುವ ಶಿಕ್ಷಕಿಯರಿಬ್ಬರಿಗೂ ಚುನಾವಣೆಯ ಕೆಲಸ. ಕೊನೆಗೆ 24 ಎಂದು ನಿಶ್ಚಯಿಸಿದೆವು.

ಬಳಿಕ ಕೆಲಸಗಳ ಪಟ್ಟಿ. ಸಭಾಂಗಣ, ಧ್ವನಿವರ್ಧಕ, ಅಡುಗೆ, ನಾಟಕ ಎಲ್ಲದರ ಹೊಣೆಗೂ ಒಬ್ಬೊಬ್ಬರು ಸಿಕ್ಕರು. ಕೊನೆಯ ಸಾಲು ಸ್ವಚ್ಛತೆ. ರೂಢಿಯಂತೆ ಅದರೆದುರು ‘ಎಲ್ಲರೂ’ ಎಂದು ಬರೆದೆವು. ಆಗ ಹಿರಿಯರೊಬ್ಬರು ಮೆಲ್ಲಗೆ ನುಡಿದರು: “ಹೋದ ಸಲ ಆ ‘ಎಲ್ಲರೂ’ ಅಂದರೆ ನಾನು, ನಮ್ಮ ಮನೆಯವರು, ಇಬ್ಬರೇ.”

ನಾವು ತಲೆತಗ್ಗಿಸಿದೆವು. ಆ ರಾತ್ರಿ ನಾವು ಕೊನೆಯ ಬಸ್ಸು ಹಿಡಿಯಲು ಓಡಿದ್ದೆವು. ಅವರು ಎಂಜಲೆಲೆ ಎತ್ತಿ, ನೆಲ ಗುಡಿಸಿ, ಬೀಗದ ಕೈ ಒಪ್ಪಿಸಿದ್ದರು. ಸಭಾಂಗಣದ ಠೇವಣಿ ಮರಳಿ ಬಂದದ್ದೂ ಅದರಿಂದಲೇ.

‘ಎಲ್ಲರೂ’ ಎಂಬುದನ್ನು ಹೊಡೆದುಹಾಕಿ ನಾಲ್ವರ ಹೆಸರು, ಗೈರಾದರೆ ಬದಲಿಯವರ ಹೆಸರು, ಕೆಲಸ ಮುಗಿಯಬೇಕಾದ ಹೊತ್ತು ಬರೆದೆವು. ಆ ದಂಪತಿಯ ಹೆಸರನ್ನು ಮಾತ್ರ ಯಾವ ಕೆಲಸದೆದುರೂ ಬರೆಯಲಿಲ್ಲ. ಮೊದಲ ಪಂಕ್ತಿಯ ಊಟಕ್ಕೆ ಬರೆದೆವು.